ಸಹಾಯ ಬೇಕು: ಹಬ್ಬದ ಎರಡನೇ ಕಂತಿನ ಸರಕನ್ನು ಯಾವಾಗ ತರಿಸಲಿ?

ಆನ್‌ಲೈನ್ ಅಂಗಡಿಯಲ್ಲಿ ಹಬ್ಬದ ಚಿತ್ರ ಮುದ್ರಿಸಿದ ಉಡುಗೊರೆ ಪೆಟ್ಟಿಗೆಗಳನ್ನು ಮಾರುತ್ತೇನೆ. ಹಬ್ಬಕ್ಕೆ 21 ದಿನ ಇರುವಾಗ ಬೇಡಿಕೆ ಶುರುವಾಗುತ್ತದೆ. ದೂರದ ಊರುಗಳ ಪಾರ್ಸೆಲ್ 7 ದಿನ ಮೊದಲೇ ಹೊರಡಬೇಕು, ಪ್ಯಾಕಿಂಗ್‌ಗೆ 2 ದಿನ. ತಯಾರಕರಿಗೆ 20 ದಿನ ಬೇಕು. ಅಂದರೆ ಎರಡನೇ ಕಂತಿಗೆ 29 ದಿನ ಮೊದಲೇ, ಒಂದು ಪೆಟ್ಟಿಗೆಯೂ ಮಾರಾಟವಾಗುವ ಮುನ್ನ ಆರ್ಡರ್ ಕೊಡಬೇಕು! ಎಲ್ಲವನ್ನೂ ಒಮ್ಮೆಗೇ ತರಿಸಿದರೆ ಹಣವೆಲ್ಲ ಗೋದಾಮಿನಲ್ಲಿ ಕೂರುತ್ತದೆ; ಮಾರಾಟದ ಹಣ ಕೈಸೇರುವುದು ವಾಪಸಾತಿ ಅವಧಿ ಮುಗಿದ ಮೇಲೆಯೇ.

ತಯಾರಕರೊಡನೆ ಚೌಕಾಸಿ ಮಾಡಿ ನೋಡಿದೆ. ಮುಂಗಡ ಕೊಟ್ಟರೆ ಚಿತ್ರವಿಲ್ಲದ ಪೆಟ್ಟಿಗೆಗಳನ್ನು ಕಾದಿರಿಸಿ, ಹೇಳಿದ ಮೇಲೆ 8 ದಿನಗಳಲ್ಲಿ ಮುದ್ರಿಸಿ ಕೊಡುತ್ತಾರಂತೆ. ಆಗ ಹಬ್ಬಕ್ಕೆ 17 ದಿನ ಇರುವವರೆಗೆ ಕಾಯಬಹುದು, ಆದರೆ ಕೈಯಲ್ಲಿರುವುದು 4 ದಿನಗಳ ಮಾರಾಟದ ಲೆಕ್ಕ ಮಾತ್ರ.

ಅಷ್ಟನ್ನೇ ನಂಬಿ ಎರಡನೇ ಕಂತಿನ ಪ್ರಮಾಣ ನಿರ್ಧರಿಸಬಹುದೇ? ಹೀಗೆ ಮಾಡಿದವರು ಮೊದಲ ಕಂತಿನಲ್ಲಿ ಒಟ್ಟು ಅಂದಾಜಿನ ಎಷ್ಟು ಪಾಲು ತರಿಸಿದಿರಿ?