ಅಫಿಡವಿಟ್ ಅಂತಲೇ ಬಿಡಬೇಕಾ, ಪ್ರಮಾಣಪತ್ರ ಅನ್ನಬೇಕಾ?

ಕೇಳಿದವರು: ಹೆದ್ದಾರಿಗೆ ಜಮೀನು ಹೋಗುವ ರೈತರಿಗೆ ಬರುವ ಇಂಗ್ಲಿಷ್ ನೋಟಿಸುಗಳನ್ನು ಕನ್ನಡಕ್ಕೆ ಮಾಡಿಕೊಡ್ತಿದ್ದೀನಿ. ಅಫಿಡವಿಟ್‌ಗೆ ಪ್ರಮಾಣಪತ್ರ ಅಂತ ಬರೆದರೆ ಜನ ಜಾತಿ ಪ್ರಮಾಣಪತ್ರ ಹಿಡಿದು ಬರ್ತಾರೆ. ಈ ಕೆಲಸ ಮಾಡಿದವರು ಏನು ಬರೀತೀರಿ?

ಅನುವಾದಕಿ: ನಾನು ಅಫಿಡವಿಟ್ ಅಂತಲೇ ಬಿಡ್ತೀನಿ. ಕೋರ್ಟಿನ ಎದುರು ಟೈಪ್ ಮಾಡುವವರ ಹತ್ತಿರ ಹೋದಾಗ ಜನರ ಬಾಯಲ್ಲಿ ಬರುವುದು ಅದೇ ಪದ. ಪ್ರಮಾಣಪತ್ರ ಅಂದರೆ ಕಚೇರಿಯವರು ನಮಗೆ ಕೊಡುವ ಕಾಗದ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಅಫಿಡವಿಟ್‌ನಲ್ಲಿ ಹೇಳುವವರು ನಾವು, ಕೇಳಿಸಿಕೊಳ್ಳುವುದು ಕಚೇರಿ.

ಆದರೆ ತೊಂದರೆ ಪದಕ್ಕಿಂತ ಜಾಸ್ತಿ ವಾಕ್ಯದಲ್ಲಿರುತ್ತೆ. ನನ್ನ ಕೈಗೆ ಬಂದ ಒಂದು ಹಳೆಯ ಅನುವಾದ ಹೀಗಿತ್ತು: ‘ಹಕ್ಕುದಾರರು ಯಥಾವಿಧಿ ಪ್ರಮಾಣೀಕರಿಸಿದ ಪ್ರಮಾಣಪತ್ರವನ್ನು ಸಲ್ಲಿಸತಕ್ಕದ್ದು.’ ಇದನ್ನು ಓದಿದವರು ಯಾವುದೋ ಸರ್ಟಿಫಿಕೇಟ್‌ನ ಝೆರಾಕ್ಸ್ ತೆಗೆಸಿ, ಅದರ ಮೇಲೆ ಅಧಿಕಾರಿಯ ಸಹಿ ಹಾಕಿಸಿಕೊಂಡು ಬಂದರು. ಅವರ ತಪ್ಪೇನೂ ಇಲ್ಲ, ವಾಕ್ಯ ಹೇಳುವುದೇ ಹಾಗೆ. ನಾನು ಅದನ್ನು ಹೀಗೆ ತಿದ್ದಿದೆ: ‘ಈ ಜಮೀನಿಗೆ ನಿಮ್ಮನ್ನು ಬಿಟ್ಟು ಬೇರೆ ವಾರಸುದಾರರು ಇಲ್ಲ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ, ಅವರ ಎದುರಿಗೇ ಸಹಿ ಹಾಕಿದ ಅಫಿಡವಿಟ್ ಕೊಡಬೇಕು.’ ಉದ್ದ ಆಯ್ತು, ಆಗಲಿ. ‘ಎದುರಿಗೇ’ ಅನ್ನೋದು ಬೇಕೇ ಬೇಕು. ಇಲ್ಲದಿದ್ದರೆ ಮನೆಯಲ್ಲೇ ಸಹಿ ಹಾಕಿ, ಮಗನ ಕೈಲಿ ಕಾಗದ ಕಳಿಸ್ತಾರೆ.

ಅದೇ ನೋಟಿಸಿನಲ್ಲಿ ಪಹಣಿ, ಆಧಾರ್ ಪ್ರತಿಗಳಿಗೆ ‘ಸ್ವಯಂ ದೃಢೀಕೃತ’ ಅಂತ ಇತ್ತು. ಅದನ್ನು ‘ಝೆರಾಕ್ಸ್ ಮೇಲೆ ನೀವೇ ಸಹಿ ಹಾಕಿ’ ಅಂತ ಮಾಡಿದೆ. ಎರಡು ಕಡೆಯೂ ‘ದೃಢೀಕರಿಸಿದ’ ಅಂತ ಬರೆದುಬಿಟ್ಟರೆ ಯಾವ ಕಾಗದಕ್ಕೆ ನೋಟರಿ ಬೇಕು, ಯಾವುದಕ್ಕೆ ಬೇಡ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ನಿವೃತ್ತ ಗುಮಾಸ್ತರು: ಕನ್ನಡ ಪದ ಇರುವಾಗ ಇಂಗ್ಲಿಷ್ ಯಾಕಮ್ಮ? ಕೋರ್ಟಿನ ಕಾಗದದಲ್ಲಿ ಪ್ರಮಾಣಪತ್ರ ಅಂತಲೇ ಬರೀತಾರೆ. ಚುನಾವಣೆಗೆ ನಿಂತವರು ಆಸ್ತಿ ವಿವರ ಕೊಡುವುದಕ್ಕೂ ಪೇಪರಿನವರು ಅದನ್ನೇ ಬರೀತಾರೆ. ಜನ ರೂಢಿ ಮಾಡಿಕೊಳ್ತಾರೆ ಬಿಡಿ.

ಅನುವಾದಕಿ: ಪದ ತಪ್ಪು ಅಂತ ನಾನು ಹೇಳಲಿಲ್ಲ ಸರ್. ಕೋರ್ಟಿನಲ್ಲಿ ಪಕ್ಕದಲ್ಲಿ ವಕೀಲರು ಇರ್ತಾರೆ. ನೋಟಿಸು ಮನೆ ಬಾಗಿಲಿಗೆ ಬಂದಾಗ ಯಾರಿರ್ತಾರೆ? ಜನ ರೂಢಿ ಮಾಡಿಕೊಳ್ಳುವವರೆಗೆ ವಾಯಿದೆ ನಿಲ್ಲಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಆಕ್ಷೇಪಣೆ ಹಾಕಲು ಇರುವುದೇ 21 ದಿನ. ಅದೂ ಅಧಿಸೂಚನೆ ಪ್ರಕಟವಾದ ದಿನದಿಂದ ಲೆಕ್ಕ, ಕಾಗದ ನಿಮ್ಮ ಕೈಗೆ ಬಂದ ದಿನದಿಂದ ಅಲ್ಲ. ಅಂದಹಾಗೆ, ಕೇಳಿದವರು ಆ ‘ದಿನದಿಂದ’ ಅನ್ನೋದನ್ನೂ ಹುಷಾರಾಗಿ ನೋಡಿಕೊಳ್ಳಿ.

ವಕೀಲರ ಕಚೇರಿಯಲ್ಲಿರುವವರು: ಮೇಡಂ ತಿದ್ದಿದ್ದು ಚೆನ್ನಾಗಿದೆ, ಆದರೆ ಒಂದು ಕಡೆ ನನಗೆ ಒಪ್ಪಿಗೆ ಇಲ್ಲ. ಇಂಗ್ಲಿಷಿನಲ್ಲಿ ನೋಟರಿ ಅಂತ ಇತ್ತಾ? ಬರೀ ‘ಪ್ರಮಾಣ ಮಾಡಿದ’ ಅಂತಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿದ್ದೂ ನಡೆಯುತ್ತೆ, ಓತ್ ಕಮಿಷನರ ಮುಂದೆ ಮಾಡಿದ್ದೂ ನಡೆಯುತ್ತೆ. ನೀವು ನೋಟರಿ ಅಂತ ಸೇರಿಸಿದರೆ ಕಾನೂನು ಕೊಟ್ಟ ದಾರಿಯನ್ನು ಅನುವಾದದಲ್ಲಿ ಮುಚ್ಚಿದ ಹಾಗೆ. ವಿವರಣೆ ಬೇಕು ಅನ್ನಿಸಿದರೆ ಬೇರೆ ಹಾಳೆಯಲ್ಲಿ ‘ಸೂಚನೆ’ ಅಂತ ಬರೆದು, ನೋಟಿಸು ಕೊಟ್ಟ ಅಧಿಕಾರಿಗೆ ತೋರಿಸಿ ಲಗತ್ತಿಸಿ. ನೋಟಿಸಿನ ಒಳಗೆ ಕೈ ಹಾಕಬೇಡಿ.

ಅನುವಾದಕಿ: ಮೂಲದಲ್ಲಿ ನೋಟರಿ ಅಂತ ಇತ್ತು, ಅದಕ್ಕೇ ಬರೆದೆ. ಇಲ್ಲದಿದ್ದರೆ ನೀವು ಹೇಳಿದ್ದು ಸರಿ. ಆದರೆ ಬೇರೆ ಹಾಳೆಯನ್ನು ಎಷ್ಟು ಜನ ಓದ್ತಾರೆ ಅನ್ನೋದು ನನ್ನ ಅನುಮಾನ.

ರೈತರ ಮಗ: ನಮ್ಮದೂ ಇದೇ ಗೋಳು. ಪಹಣಿಯಲ್ಲಿ ಅಪ್ಪನ ಹೆಸರು ಒಂದು, ಆಧಾರ್‌ನಲ್ಲಿ ಇನ್ನೊಂದು. ಇದಕ್ಕೆ ಯಾವ ಅಫಿಡವಿಟ್ ಮಾಡಿಸಬೇಕು?

ವಕೀಲರ ಕಚೇರಿಯಲ್ಲಿರುವವರು: ಅವರು ಕೇಳಿದ್ದು ಅನುವಾದದ ವಿಷಯ ಅಲ್ವಾ? ಇರಲಿ. ಎರಡು ಹೆಸರೂ ಒಬ್ಬರದೇ ಅಂತ ನಿಮ್ಮ ತಂದೆಯವರೇ ಪ್ರಮಾಣ ಮಾಡಬೇಕು, ನೀವಲ್ಲ. ಅದೊಂದೇ ಸಾಕಾ ಅಂತ ಮೊದಲು ಭೂಸ್ವಾಧೀನ ಕಚೇರಿಯಲ್ಲಿ ಕೇಳಿ. ಪಹಣಿಯನ್ನೇ ತಿದ್ದಿಸಿ ತನ್ನಿ ಅನ್ನಲೂಬಹುದು.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಪದ ಇದೆ, ಇಂಡೆಮ್ನಿಟಿ ಬಾಂಡ್. ‘ನಷ್ಟ ಪರಿಹಾರ ಪತ್ರ’ ಅಂತ ಬರೆದಿದ್ದೆ. ಒಬ್ಬರು ಅದನ್ನು ಓದಿ, ಪರಿಹಾರದ ಚೆಕ್ ಯಾವಾಗ ಬರುತ್ತೆ ಅಂತ ಕೇಳಿದರು!

ನಿವೃತ್ತ ಗುಮಾಸ್ತರು: ಅದಕ್ಕೆ ಮುಚ್ಚಳಿಕೆ ಅನ್ನಿ. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು.

ಅನುವಾದಕಿ: ಗೊತ್ತು ಸರ್, ಆದರೆ ಮುಚ್ಚಳಿಕೆ ಅಂದ ತಕ್ಷಣ ಪೊಲೀಸ್ ಠಾಣೆ ನೆನಪಾಗುತ್ತೆ. ನಾನು ‘ಮುಂದೆ ಬೇರೆ ಯಾರಾದರೂ ಹಕ್ಕು ಕೇಳಿ ಬಂದು ನಷ್ಟವಾದರೆ ಅದನ್ನು ನಾನೇ ತುಂಬಿಕೊಡುತ್ತೇನೆ ಎಂಬ ಮುಚ್ಚಳಿಕೆ’ ಅಂತ ಪೂರ್ತಿ ಬರೀತೀನಿ. ದುಡ್ಡು ಕೊಡಬೇಕಾದವರು ಯಾರು ಅನ್ನೋದಾದ್ರೂ ಗೊತ್ತಾಗುತ್ತೆ. ಇದಕ್ಕಿಂತ ಚಿಕ್ಕದು ಯಾರ ಹತ್ತಿರ ಇದ್ದರೂ ನನಗೂ ಬೇಕು.