ಅಪ್‌ಡೇಟ್: ಕೆಪಾಸಿಟರ್ ಕರೆಂಟಿನಲ್ಲಿ 90 ಡಿಗ್ರಿ ವ್ಯತ್ಯಾಸ ಬಂದದ್ದು ಎಲ್ಲಿಂದ

ನನ್ನ ಪ್ರಶ್ನೆ ಇದಾಗಿತ್ತು: "ಸೋರ್ಸ್ `20 sin(1000t + 60°)` ವೋಲ್ಟ್. 3 ಓಮ್ ಮತ್ತು 11 ಮಿಲಿಹೆನ್ರಿ ಸೀರೀಸ್‌ನಲ್ಲಿವೆ, ಆಮೇಲೆ 10 ಓಮ್‌ಗೆ 100 ಮೈಕ್ರೋಫ್ಯಾರಡ್ ಪ್ಯಾರಲಲ್. ಕೆಪಾಸಿಟರ್ ಕರೆಂಟಿನ ಕೋನ ನನಗೆ 68.13°, ಉತ್ತರದಲ್ಲಿ −21.87°. ಯಾಕೆ?"

ತಪ್ಪು ಸಿಕ್ಕಿತು. ಪುಣೆಯಲ್ಲಿ ನಮ್ಮ ಬಿಲ್ಡಿಂಗ್‌ನಲ್ಲೇ ಇರುವ ಧಾರವಾಡದ ಅಣ್ಣ ನನ್ನ ಹಾಳೆ ನೋಡಿ, ಮೊದಲ ಸಾಲಿನ `20∠60°` ಸುತ್ತ ಪೆನ್ಸಿಲ್‌ನಿಂದ ಗೋಲ ಹಾಕಿ, "ಇದು ಸೈನ್ ಅಲ್ವಾ, ಕೊನೆಗೆ ಕೊಸೈನ್ ಯಾಕೆ ಬರೆದೆ?" ಎಂದರು.

ಇಂಪೀಡೆನ್ಸ್ ಎಲ್ಲ ಸರಿ ಇತ್ತು. ಇಂಡಕ್ಟರ್ `j11`, ಕೆಪಾಸಿಟರ್ `−j10`. ಪ್ಯಾರಲಲ್ ಭಾಗ `5 − j5` ಆಗುತ್ತದೆ, ಒಟ್ಟು `8 + j6`, ಅಂದರೆ `10∠36.87°`. ಕೊಸೈನ್ ಲೆಕ್ಕದಲ್ಲಿ ಸೋರ್ಸ್ `20∠−30°`, ಯಾಕೆಂದರೆ ಸೈನ್ ಎಂದರೆ 90° ಹಿಂದಿರುವ ಕೊಸೈನ್. ಒಟ್ಟು ಕರೆಂಟ್ `2∠−66.87°`. ಕೆಪಾಸಿಟರ್ ಪಾಲಿಗೆ ಅದನ್ನು `10/(10 − j10)`, ಅಂದರೆ `0.707∠45°` ಇಂದ ಗುಣಿಸಬೇಕು:

```
I_C = 1.414∠−21.87°
i_C = 1.414 cos(1000t − 21.87°) A
```

ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದು: 68.13° ತಪ್ಪೇ ಅಲ್ಲ. `1.414 sin(1000t + 68.13°)` ಎಂದು ಬರೆದಿದ್ದರೆ ಅದೇ ಉತ್ತರ. ಸೈನ್‌ನಿಂದ ಶುರು ಮಾಡಿದರೆ ಸೈನ್‌ನಲ್ಲೇ ಮುಗಿಸಬೇಕು, ನಾನು ಸುಮ್ನೆ ಅಭ್ಯಾಸಕ್ಕೆ `cos` ಬರೆದಿದ್ದೆ. ಲೂಪ್ ವೋಲ್ಟೇಜ್ ಕೂಡಿಸಿ ನೋಡಿದರೂ ಇದು ಸಿಗುವುದಿಲ್ಲ, ಎಲ್ಲ ಫೇಸರ್‌ಗಳೂ ಒಟ್ಟಿಗೇ 90° ತಿರುಗಿರುತ್ತವೆ. ಪ್ರಮಾಣ ಸರಿ ಇದ್ದು ಕೋನ ಮಾತ್ರ ಸರಿಯಾಗಿ 90° ತಪ್ಪಿದ್ದರೆ ಮೊದಲು ಸೋರ್ಸ್ ಸಾಲನ್ನೇ ನೋಡಿ.