ಎಲ್ಲ ದುಡ್ಡೂ ಒಂದೇ ಕಂಪನಿ ಷೇರಲ್ಲಿ, ಮಾರಿದ್ರೆ ತೆರಿಗೆ ಎಷ್ಟು?

ಟಿಳಕವಾಡಿ ಹುಡುಗ: ನಮ್ಮ ಐಟಿ ಕಂಪನಿ ಭಾರತದ ಷೇರುಪೇಟೆಯಲ್ಲೇ ಲಿಸ್ಟ್ ಆಗಿದೆ. ನೌಕರರಿಗೆ ಕಂಪನಿಯೇ ಕಡಿಮೆ ಬೆಲೆಗೆ ಷೇರು ಕೊಡೋ ಈಸಾಪ್‌ನಲ್ಲಿ ಬಂದ ಷೇರು ಈಗ 60 ಲಕ್ಷ ಆಗಿದೆ, ಕೈಯಿಂದ ಕಟ್ಟಿದ್ದು 5 ಲಕ್ಷ. ಎಲ್ಲಾ ವರ್ಷ ದಾಟಿದ ಷೇರು. ಬೇರೆ ಉಳಿತಾಯ ಅಂತ ಪಿಎಫ್ ಬಿಟ್ಟರೆ ಏನಿಲ್ಲ. ಅರ್ಧ ಮಾರೋಣ ಅಂದ್ರೆ 55 ಲಕ್ಷ ಲಾಭದ ತೆರಿಗೆ ನೆನೆಸಿ ಕೈ ಬರ್ತಿಲ್ಲ.

ಬಾಗಲಕೋಟೆ ಮಂಜು: ಸುಮ್ನೆ ಯಾಕೆ ತೆರಿಗೆ ಕಟ್ತೀರಿ? ವರ್ಷಕ್ಕೆ 1.25 ಲಕ್ಷ ಲಾಭಕ್ಕೆ ತೆರಿಗೆ ಇಲ್ಲ. ಪ್ರತಿ ವರ್ಷ ಅಷ್ಟೇ ಲಾಭ ಬರೋ ಹಾಗೆ ಮಾರ್ತಾ ಹೋಗಿ.

ಸಿಎ ಅಕ್ಕ: ಮಂಜು ಅವರೇ, ವಿನಾಯಿತಿ ನಿಜ, ಆದ್ರೆ ಅದೊಂದನ್ನೇ ನಂಬಿದರೆ ಹತ್ತಾರು ವರ್ಷ ಬೇಕು. ಅಲ್ಲಿವರೆಗೆ ಸಂಬಳ, ಉಳಿತಾಯ ಎರಡೂ ಅದೇ ಕಂಪನಿ ಮೇಲೆ. 2009ರ ಜನವರಿ 7ಕ್ಕೆ ಸತ್ಯಂ ಷೇರು ಒಂದೇ ದಿನ ಮುಕ್ಕಾಲು ಭಾಗ ಕುಸಿಯಿತು.

ತಮ್ಮಾ, ನಿನ್ನ ಲಾಭ 55 ಲಕ್ಷ ಅಲ್ಲ. ಷೇರು ತಗೊಂಡ ದಿನ, ನೀನು ಕೊಟ್ಟ ಬೆಲೆಗೂ ಮಾರುಕಟ್ಟೆ ಬೆಲೆಗೂ ಇದ್ದ ವ್ಯತ್ಯಾಸ ಸಂಬಳಕ್ಕೆ ಸೇರಿ ಟಿಡಿಎಸ್ ಕಡಿತ ಆಗಿರುತ್ತೆ. ಫಾರ್ಮ್ 16 ಜೊತೆ ಬರೋ 12ಬಿಎ ತೆಗೆದು ನೋಡು. ಆ ದಿನದ ಮಾರುಕಟ್ಟೆ ಬೆಲೆಯೇ ಈಗ ನಿನ್ನ ಖರೀದಿ ಬೆಲೆ.

ಟಿಳಕವಾಡಿ ಹುಡುಗ: ನೋಡಿದೆ ಅಕ್ಕಾ! ಎಲ್ಲಾ ಸೇರಿ 40 ಲಕ್ಷ ಆಗುತ್ತೆ. ಅಂದ್ರೆ ಲಾಭ ಬರೀ 20 ಲಕ್ಷ?

ಸಿಎ ಅಕ್ಕ: ಹೌದು. 30 ಲಕ್ಷದಷ್ಟು ಮಾರಿದರೆ ಲಾಭ ಸುಮಾರು 10 ಲಕ್ಷ. ವಿನಾಯಿತಿ ಕಳೆದರೆ 8.75 ಲಕ್ಷ, ಅದಕ್ಕೆ 12.5% ಮತ್ತು ಸೆಸ್ ಸೇರಿ 1,13,750 ರೂಪಾಯಿ. ಮಾರಿದ ಮೊತ್ತದ 4% ಕೂಡ ಇಲ್ಲ, ಷೇರು ಒಂದು ಕೆಟ್ಟ ದಿನದಲ್ಲಿ ಅಷ್ಟು ಬೀಳುತ್ತೆ. ಒಂದು ಮಾತು, ಡಿಮ್ಯಾಟ್‌ನಲ್ಲಿ ಮೊದಲು ಬಂದ ಷೇರೇ ಮೊದಲು ಮಾರಿದ ಲೆಕ್ಕ. ಹಳೇದು ಅಗ್ಗಕ್ಕೆ ಬಂದಿದ್ರೆ ತೆರಿಗೆ ಇನ್ನೂ ಸ್ವಲ್ಪ ಜಾಸ್ತಿ ಆಗುತ್ತೆ.

ಬಾಗಲಕೋಟೆ ಮಂಜು: ಹಂಗಾದ್ರೆ ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್ 1ಕ್ಕೆ ಮಾರಲಿ. ಎರಡು ವರ್ಷದ ವಿನಾಯಿತಿ ಸಿಗುತ್ತೆ ಅಲ್ವಾ?

ಸಿಎ ಅಕ್ಕ: ಒಳ್ಳೆ ಉಪಾಯ, 16,250 ಉಳಿಯುತ್ತೆ. ಆದ್ರೆ ಕಂಪನಿ ಇವನನ್ನ ಒಳಗಿನ ಮಾಹಿತಿ ಇರೋರ ಪಟ್ಟಿಗೆ ಹಾಕಿದ್ರೆ, ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಆಗೋವರೆಗೆ ಮಾರೋ ಹಾಗಿಲ್ಲ. ಏಪ್ರಿಲ್ 1 ಆ ಅವಧಿಯಲ್ಲೇ ಬರುತ್ತೆ. ಮೊದಲು ಕಂಪ್ಲಯನ್ಸ್ ವಿಭಾಗಕ್ಕೆ ಮೇಲ್ ಹಾಕಿ ಕೇಳು.

ವಿಜಯಪುರದ ಗೋಳಗುಮ್ಮಟ: ನನ್ನ ಅಣ್ಣಂದು ಅಮೆರಿಕ ಕಂಪನಿ ಷೇರು. ಅವನಿಗೂ ಇದೇ ಲೆಕ್ಕಾನ್ರೀ?

ಸಿಎ ಅಕ್ಕ: ಇಲ್ಲ. ಅದಕ್ಕೆ 12.5% ದರ ಸಿಗೋಕೆ 24 ತಿಂಗಳು ದಾಟಬೇಕು, 1.25 ಲಕ್ಷದ ವಿನಾಯಿತಿಯೂ ಇಲ್ಲ. ಮಾರದೆ ಇಟ್ಟುಕೊಂಡರೂ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು.

ಟಿಳಕವಾಡಿ ಹುಡುಗ: ಬಂದ ದುಡ್ಡನ್ನ ಐಟಿ ಫಂಡಿಗೆ ಹಾಕಲಾ? ಆ ಕೆಲಸ ನನಗೆ ಗೊತ್ತು.

ಸಿಎ ಅಕ್ಕ: ಬೇಡ. ಐಟಿ ಬಿದ್ದರೆ ನಿನ್ನ ಷೇರು, ಫಂಡು, ಕೆಲಸ ಮೂರೂ ಒಟ್ಟಿಗೆ ಅಲ್ಲಾಡುತ್ತವೆ. ಒಂದು ವರ್ಷದ ಮನೆಖರ್ಚು ಎಫ್‌ಡಿಗೆ, ಉಳಿದದ್ದು ಎಲ್ಲಾ ವಲಯ ಇರೋ ಇಂಡೆಕ್ಸ್ ಫಂಡಿಗೆ ಹಾಕು.

ಬಾಗಲಕೋಟೆ ಮಂಜು: ಉಳಿದ 30 ಲಕ್ಷ ಮಾತ್ರ ಮುಟ್ಟಬೇಡಿ, ಕಂಪನಿ ಚೆನ್ನಾಗಿ ಬೆಳೀತಿದೆ.

ಸಿಎ ಅಕ್ಕ: ಇದನ್ನ ನಾನು ಒಪ್ಪಲ್ಲ. ಮುಂದಿನ ವರ್ಷ ಅದರಲ್ಲೂ ಅರ್ಧ ಇಳಿಸಬೇಕು.